‘ಸಾಹೇಬರ’ ಅನ್ನಿಸಿಕೊಳ್ಳುವ ಯಂತ್ರ

ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಫೋನಿನ ಆ ಕಡೆಯಿಂದ ಪುಸ್ತಕದ ಕನ್ನಡ ಕೇಳಿಸಿತೆಂದರೆ ಅದು ಕಚೇರಿಯ ದನಿ ಎಂದೇ ಲೆಕ್ಕ. ಬ್ಯಾಂಕಿನವರೋ ತಹಸೀಲಿನವರೋ ಇರಬೇಕು ಎಂದುಕೊಂಡು ಮನುಷ್ಯ ತುಸು ನೆಟ್ಟಗೆ ಕೂತು ‘ಹೇಳ್ರಿ ಸಾಹೇಬರ’ ಅನ್ನುತ್ತಾನೆ. ಈಗ ಆ ಕನ್ನಡವನ್ನು ಯಂತ್ರವೂ ಮಾತಾಡುತ್ತದೆ. ಅದು ತಡವರಿಸುವುದಿಲ್ಲ, ಬೇಸರ ಮಾಡಿಕೊಳ್ಳುವುದಿಲ್ಲ, ‘ನಾಳೆ ಬಾ’ ಎಂದು ಅಟ್ಟುವುದಿಲ್ಲ. ಪಿಎಂ-ಕಿಸಾನ್ ಕಂತಿನ ಪ್ರಶ್ನೆಗಳಿಗಾಗಿ ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್‌ನಲ್ಲಿ ‘ಕಿಸಾನ್ ಇ-ಮಿತ್ರ’ ಎಂಬ ಬಾಟ್ ಶುರು ಮಾಡಿತು. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಅದೇ ವರ್ಷ ಐಐಟಿ ಮದ್ರಾಸಿನ ‘ಎಐ4ಭಾರತ್’, ‘ಓಪನ್‌ನ್ಯಾಯ್’ ಮತ್ತು ಮೈಕ್ರೋಸಾಫ್ಟ್ ಸೇರಿ ವಾಟ್ಸ್ಯಾಪಿನಲ್ಲೇ ಸರ್ಕಾರಿ ಯೋಜನೆಗಳ ಮಾಹಿತಿ ಹೇಳುವ ‘ಜುಗಲ್‌ಬಂದಿ’ಯನ್ನು ತಂದವು. ಹರಿಯಾಣದ ಬೀವಾಂ ಎಂಬ ಹಳ್ಳಿಯಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು.

ಇಂಥವು ಬೇಡ ಎಂಬ ವಾದ ನನ್ನದಲ್ಲ. ಕೊಂಚಾವರಂ ಕಡೆಯ ತಾಂಡಾದಿಂದ ಒಂದು ಪ್ರಶ್ನೆ ಕೇಳಲು ಚಿಂಚೋಳಿಗೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಬಂದ ದಿನ ಅಧಿಕಾರಿ ಮೀಟಿಂಗಿಗೆ ಹೋಗಿದ್ದರೆ ಎರಡು ದಿನದ ಕೂಲಿ. ಕುಳಿತಲ್ಲೇ ಉತ್ತರ ಸಿಗುವುದಾದರೆ ಅದನ್ನು ಬೇಡ ಎನ್ನುವವನು ಆ ಬಸ್ಸಿನಲ್ಲಿ ಕೂತು ಬಂದವನಲ್ಲ. ಆದರೆ ಹೀಗೆ ಉತ್ತರ ಕೊಡುವ ಸಂಸ್ಥೆಗೆ ಕೇಳುವವನ ಕಡೆಗೆ ಎರಡು ಬಾಕಿ ಇರುತ್ತವೆ. ಮಾತಾಡುತ್ತಿರುವುದು ಮನುಷ್ಯನಲ್ಲ ಎಂದು ತಿಳಿಸುವುದು ಒಂದು. ಆಡಿದ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಿಳಿಸುವುದು ಇನ್ನೊಂದು. ಮೊದಲನೆಯದನ್ನು ಪರದೆಯ ಮೂಲೆಯಲ್ಲಿ ಒಂದು ಬಿಲ್ಲೆ ಅಂಟಿಸಿ, ಎರಡನೆಯದನ್ನು ‘ತಪ್ಪಾಗಬಹುದು, ಪರಿಶೀಲಿಸಿಕೊಳ್ಳಿ’ ಎಂಬ ಒಂದು ಸಾಲು ಬರೆದು ತೀರಿಸಿಬಿಡುವ ರೂಢಿ ಬಿದ್ದಿದೆ. ಈ ಎರಡೂ ಸಂಸ್ಥೆಯನ್ನು ಕಾಯುತ್ತವೆಯೇ ಹೊರತು ಕೇಳುವವನನ್ನಲ್ಲ ಎಂಬುದು ನನ್ನ ತಕರಾರು.

ಮೊದಲು ಗುರುತಿನ ವಿಷಯ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2019ರ ಜುಲೈ 1ರಿಂದ ಒಂದು ಕಾಯ್ದೆ ಜಾರಿಯಲ್ಲಿದೆ: ಸರಕು ಮಾರಲು ಅಥವಾ ಮತದಾರರನ್ನು ಒಲಿಸಲು ಬಾಟ್ ಬಳಸುವವರು ಅದು ಮನುಷ್ಯ ಎಂದು ನಂಬಿಸಿ ಮೋಸ ಮಾಡುವಂತಿಲ್ಲ. ಯುರೋಪ್ ಒಕ್ಕೂಟದ 2024ರ ಎಐ ಕಾಯ್ದೆ ಇನ್ನೂ ಮುಂದೆ ಹೋಗಿ, ಮನುಷ್ಯರೊಂದಿಗೆ ನೇರವಾಗಿ ಮಾತಾಡುವ ಯಾವುದೇ ವ್ಯವಸ್ಥೆ ತಾನು ಯಂತ್ರವೆಂದು ತಿಳಿಸಬೇಕು ಎನ್ನುತ್ತದೆ. ಆದರೆ ಅದರಲ್ಲೊಂದು ವಿನಾಯಿತಿ ಇದೆ. ಸಾಕಷ್ಟು ತಿಳಿವಳಿಕೆಯುಳ್ಳ, ಗಮನವಿಟ್ಟು ನೋಡುವ, ಎಚ್ಚರದ ಮನುಷ್ಯನಿಗೆ ಅದು ಯಂತ್ರವೆಂದು ತಾನಾಗಿಯೇ ಗೊತ್ತಾಗುವಂತಿದ್ದರೆ ಹೇಳಬೇಕಿಲ್ಲ.

ಆ ಎಚ್ಚರದ ಮನುಷ್ಯ ಯಾರು? ಬ್ರಸೆಲ್ಸ್‌ನಲ್ಲಿ ಅವನು ಸುಲಭವಾಗಿ ಸಿಗಬಹುದು. ಚಿಂಚೋಳಿಯಲ್ಲಿ ಅವನ ಅಳತೆಗೋಲು ಬೇರೆ. ನಮ್ಮವರಿಗೆ ಫೋನಿನ ಯಂತ್ರ ಹೊಸದೇನಲ್ಲ. ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಎಂಬ ದನಿಯನ್ನು ಗ್ಯಾಸ್ ಬುಕ್ ಮಾಡುವಾಗ, ಕರೆನ್ಸಿ ಹಾಕಿಸುವಾಗ ಕೇಳಿ ಕೇಳಿ ಎಲ್ಲರಿಗೂ ಗೊತ್ತು. ಅದು ಯಂತ್ರ ಎಂದು ಹೇಗೆ ಗೊತ್ತಾಗುತ್ತಿತ್ತು? ನಾವು ಏನೇ ಕೇಳಿದರೂ ಅದು ತನ್ನ ಪಾಠವನ್ನೇ ಒಪ್ಪಿಸುತ್ತಿತ್ತು. ಕೇಳಿದ್ದಕ್ಕೆ ಉತ್ತರ ಕೊಡದೇ ಇರುವುದೇ ಯಂತ್ರದ ಲಕ್ಷಣ, ಕೊಟ್ಟರೆ ಮನುಷ್ಯ. ಇಪ್ಪತ್ತು ವರ್ಷಗಳ ಅನುಭವದಿಂದ ಜನ ಕಟ್ಟಿಕೊಂಡ ಈ ಪರೀಕ್ಷೆ ಮೊನ್ನೆಮೊನ್ನೆಯವರೆಗೂ ಸರಿಯಾಗಿಯೇ ಇತ್ತು. ಹೊಸ ಬಾಟ್ ಕೇಳಿದ್ದಕ್ಕೇ ಉತ್ತರ ಕೊಡುತ್ತದೆ, ಕೇಳಿದವನ ಊರಿನ ಹೆಸರನ್ನೂ ತಿರುಗಿ ಹೇಳುತ್ತದೆ. ಹಳೆಯ ಪರೀಕ್ಷೆಯಲ್ಲಿ ಅದು ಮನುಷ್ಯನಾಗಿ ಪಾಸಾಗುತ್ತದೆ. ಇದರಲ್ಲಿ ರೈತನ ದಡ್ಡತನವೇನೂ ಇಲ್ಲ. ಹಾಗಾಗಿ ‘ತಾನಾಗಿಯೇ ಗೊತ್ತಾಗುತ್ತದೆ’ ಎಂಬ ವಿನಾಯಿತಿಯನ್ನು ಇಲ್ಲಿ ಯಾವ ಸಂಸ್ಥೆಯೂ ತೆಗೆದುಕೊಳ್ಳಕೂಡದು.

ಹೇಳುವುದಾದರೂ ಹೇಗೆ? ಬಾಟಿನ ಹೆಸರಿನ ಪಕ್ಕ ಒಂದು ಪುಟ್ಟ ಚಿತ್ರ, ಕೆಳಗೆ ಇಂಗ್ಲಿಷಿನಲ್ಲೊಂದು ಸಾಲು, ಇಷ್ಟಿದ್ದರೆ ಓದಲು ಬಾರದೆ ದನಿಯಲ್ಲಿ ಕೇಳುತ್ತಿರುವವನಿಗೆ ಏನೂ ಹೇಳಿದಂತಾಗಲಿಲ್ಲ. ಉತ್ತರ ಯಾವ ದಾರಿಯಲ್ಲಿ ಬರುತ್ತದೋ ಗುರುತೂ ಅದೇ ದಾರಿಯಲ್ಲಿ ಬರಬೇಕು. ದನಿಯಲ್ಲಿ ಉತ್ತರ ಕೊಡುವುದಾದರೆ ಗುರುತೂ ದನಿಯಲ್ಲೇ, ಮೊದಲ ಉಸಿರಿನಲ್ಲೇ ಇರಬೇಕು. ‘ಇದು ಕಂಪ್ಯೂಟರ್ ಮಾತಾಡ್ಲತ್ತದ, ಮನುಷ್ಯರಲ್ಲ’ ಎಂಬಷ್ಟು ಸೀದಾ ಮಾತು ಸಾಕು. ‘ವರ್ಚುವಲ್ ಸಹಾಯಕ’, ‘ಡಿಜಿಟಲ್ ಮಿತ್ರ’ ಎಂಬ ಹೆಸರುಗಳು ಗುರುತು ಹೇಳಿದಂತೆ ನಟಿಸಿ ಗುರುತು ಮರೆಸುತ್ತವೆ. ಮಿತ್ರ ಅಂದರೆ ಯಾರೋ ಒಬ್ಬ ಮನುಷ್ಯ ಎಂದು ತಿಳಿಯುವುದೇ ಸಹಜ.

ಇದರೊಂದಿಗೆ ಯಾರ ಯಂತ್ರ ಎಂಬುದೂ ಬರಬೇಕು. ಪಿಎಂ-ಕಿಸಾನ್ ಹೆಸರಿನಲ್ಲಿ ವಾಟ್ಸ್ಯಾಪಿಗೆ ಒಂದು ಎಪಿಕೆ ಫೈಲ್ ಬರುತ್ತದೆ, ಒತ್ತಿದರೆ ಖಾತೆಯ ದುಡ್ಡು ಹೋಗುತ್ತದೆ. ಇಂಥ ವಂಚನೆಯ ಬಗ್ಗೆ ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ನಿಜವಾದ ಇಲಾಖೆಯ ಬಾಟ್ ತಾನು ಯಾರೆಂದು ಹೇಳುವ ಶಿಸ್ತು ಇಟ್ಟುಕೊಳ್ಳದಿದ್ದರೆ ಕಳ್ಳ ಬಾಟನ್ನು ಗುರುತಿಸಲು ಜನರ ಕೈಯಲ್ಲಿ ಏನು ಉಳಿಯುತ್ತದೆ? ಇಲಾಖೆಯ ಹೆಸರು, ‘ಒಟಿಪಿ ಕೇಳುವುದಿಲ್ಲ’ ಎಂಬ ಮಾತು, ಮನುಷ್ಯರ ಜೊತೆ ಮಾತಾಡಬೇಕೆಂದರೆ ಯಾವ ನಂಬರು, ಇಷ್ಟನ್ನು ಹದಿನೈದು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದು.

ಇಷ್ಟಾದರೂ ಅರ್ಧ ಬಾಕಿ ಮಾತ್ರ ತೀರಿತು. ಇದಕ್ಕೆ ಅರವತ್ತು ವರ್ಷ ಹಳೆಯ ಪುರಾವೆಯೊಂದಿದೆ. 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜನ್‌ಬಾಮ್ ‘ಎಲೈಜಾ’ ಎಂಬ ಸಣ್ಣ ಪ್ರೋಗ್ರಾಮನ್ನು ಪ್ರಕಟಿಸಿದರು. ಟೈಪ್ ಮಾಡಿದ ವಾಕ್ಯದಲ್ಲಿನ ಪದಗಳನ್ನೇ ತಿರುವಿ ಪ್ರಶ್ನೆಯಾಗಿ ವಾಪಸು ಕೊಡುವುದಷ್ಟೇ ಅದರ ಕೆಲಸ. ಅವರ ಕಾರ್ಯದರ್ಶಿ ಆ ಪ್ರೋಗ್ರಾಮನ್ನು ಅವರು ತಿಂಗಳುಗಟ್ಟಲೆ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದರು. ಹಾಗಿದ್ದರೂ ಅದರೊಂದಿಗೆ ಸ್ವಲ್ಪ ಮಾತಾಡುತ್ತಿದ್ದಂತೆ, ನೀವು ಕೋಣೆಯಿಂದ ಹೊರಗೆ ಹೋಗಿ ಎಂದು ವೈಜನ್‌ಬಾಮ್ ಅವರನ್ನೇ ಕೇಳಿಕೊಂಡರಂತೆ. ಯಂತ್ರವೆಂದು ಆಕೆಗೆ ಗೊತ್ತಿತ್ತು, ಆದರೂ ನಡವಳಿಕೆ ಬದಲಾಗಲಿಲ್ಲ. ಸರಾಗವಾಗಿ ಬಂದ ಮಾತಿಗೆ ನಾವು ನಂಬಿಕೆ ಸೇರಿಸಿಕೊಂಡೇ ಕೇಳುತ್ತೇವೆ. ಹಾಗಾಗಿ ‘ನಾನು ಯಂತ್ರ’ ಎಂದು ಹೇಳಿದ ಮಾತ್ರಕ್ಕೆ ಕೇಳುವವನು ತಾನೇ ನಂಬಿಕೆಯನ್ನು ತಗ್ಗಿಸಿಕೊಳ್ಳುತ್ತಾನೆ ಎಂಬ ಲೆಕ್ಕಾಚಾರ ನಿಲ್ಲುವುದಿಲ್ಲ. ಎಷ್ಟು ತಗ್ಗಿಸಬೇಕೆಂದು ಸಂಸ್ಥೆಯೇ ಹೇಳಬೇಕು, ಅದೂ ಪ್ರಶ್ನೆ ಪ್ರಶ್ನೆಗೆ ಬೇರೆ ಬೇರೆಯಾಗಿ.

ಇದನ್ನು ಒಂದು ಊಹೆಯ ಕರೆಯನ್ನು ಇಟ್ಟುಕೊಂಡು ನೋಡೋಣ. ನವೆಂಬರ್ ತಿಂಗಳು, ಸುಲೇಪೇಟ ಕಡೆಯ ಒಂದು ಹೊಲ. ಜೂನ್ ಕೊನೆಗೆ ಬಿತ್ತಿದ ತೊಗರಿ ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಅಲ್ಲಲ್ಲಿ ಸುತ್ತು ಸುತ್ತಾಗಿ ಬಾಡತೊಡಗಿದೆ. ರೈತ ಫೋನಿನಲ್ಲಿ ಕೇಳುತ್ತಾನೆ: ‘ತೊಗರಿ ಒಣಗ್ಲತ್ತದ್ರಿ ಸಾಹೇಬರ, ಹೂ ಬಂದಾದ. ಏನ್ ಹೊಡೀಬೇಕು? ಇನ್ಶೂರೆನ್ಸ್ ಬರ್ತದೇನ್?’

ಈ ಮಾತು ಯಂತ್ರದೊಳಗೆ ಸಾಗುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ದನಿ ಅಕ್ಷರವಾಗುತ್ತದೆ. ಆ ಕನ್ನಡ ಇಂಗ್ಲಿಷಿಗೆ ಹೋಗುತ್ತದೆ. ಆ ಇಂಗ್ಲಿಷನ್ನು ಹಿಡಿದು ಇಲಾಖೆಯ ಕಾಗದಗಳಲ್ಲಿ ಹುಡುಕಿ ಭಾಷಾ ಮಾದರಿ ಒಂದು ಉತ್ತರ ಕಟ್ಟುತ್ತದೆ. ಉತ್ತರ ಮತ್ತೆ ಕನ್ನಡಕ್ಕೆ ಬಂದು ದನಿಯಾಗುತ್ತದೆ. ಕೊನೆಯ ದನಿಯಲ್ಲಿ ತಪ್ಪು ಅಷ್ಟಾಗಿ ಆಗುವುದಿಲ್ಲ ಎಂದುಕೊಂಡರೂ ಅದಕ್ಕೆ ಮುಂಚೆ ನಾಲ್ಕು ಹಂತಗಳಿವೆ. ಒಂದೊಂದು ಹಂತವೂ ಹತ್ತಕ್ಕೆ ಒಂಬತ್ತು ಸಲ ಸರಿ ಮಾಡುತ್ತದೆ, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲ ಎಂದು ಇಟ್ಟುಕೊಳ್ಳಿ. ಆಗ ನಾಲ್ಕೂ ಸರಿಯಾಗಿರುವುದು ನೂರಕ್ಕೆ ಸುಮಾರು 66 ಸಲ ಮಾತ್ರ. ಇದು ಬರೀ ಗುಣಾಕಾರ, ಯಾವ ಬಾಟಿನ ಅಳತೆಯೂ ಅಲ್ಲ. ಆದರೆ ಪ್ರತಿ ಹಂತವೂ ಚೆನ್ನಾಗಿದೆ ಎಂದು ತೋರಿಸಿ ಒಟ್ಟು ಚೆನ್ನಾಗಿದೆ ಎಂದು ನಂಬಿಸುವುದು ಎಷ್ಟು ಸುಲಭ ಎಂಬುದು ಇದರಿಂದ ತಿಳಿಯುತ್ತದೆ. ಮೇಲಾಗಿ ಇಲ್ಲಿನ ತಪ್ಪುಗಳು ಸದ್ದಿಲ್ಲದವು. ಪುಸ್ತಕದ ಕನ್ನಡದಲ್ಲಿ ಪಳಗಿದ ವ್ಯವಸ್ಥೆಗೆ ‘ನೆಟೆ ಬಿದ್ದದ’ ಎಂಬುದು ‘ನೆಟ್ಟಿದ್ದೇನೆ’ ಎಂದು ಕೇಳಿಸಿದರೆ ಮುಂದಿನ ಹಂತಕ್ಕೆ ಆ ಎಡವಟ್ಟಿನ ಸುಳಿವೂ ಹೋಗುವುದಿಲ್ಲ. ಅದು ಸಸಿ ನೆಡುವ ಬಗ್ಗೆ ಶುದ್ಧವಾದ ಉತ್ತರವೊಂದನ್ನು ಕಟ್ಟುತ್ತದೆ. ಉರ್ದು, ತೆಲುಗು, ಲಂಬಾಣಿ ಮಾತುಗಳು ಕನ್ನಡದೊಳಗೆ ಬೆರೆತ ಗಡಿ ತಾಲ್ಲೂಕಿನಲ್ಲಿ ಈ ಅಪಾಯ ಬೆಂಗಳೂರಿಗಿಂತ ಹೆಚ್ಚು.

ಇದಕ್ಕೆ ಅಗ್ಗದ ಉಪಾಯವೊಂದಿದೆ. ಉತ್ತರಕ್ಕೆ ಮುಂಚೆ, ತನಗೆ ಕೇಳಿಸಿದ್ದು ಏನು ಎಂಬುದನ್ನು ಯಂತ್ರ ಒಂದು ವಾಕ್ಯದಲ್ಲಿ ತಿರುಗಿ ಹೇಳಿ ‘ಹೌದೋ ಅಲ್ಲವೋ’ ಎಂದು ಕೇಳಬೇಕು. ಐದಾರು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಆದರೆ ಆ ಇಡೀ ಸರಪಳಿಯಲ್ಲಿ ರೈತ ತಾನೇ ಪರೀಕ್ಷಿಸಬಲ್ಲ ಕೊಂಡಿ ಅದೊಂದೇ. ಇಂಗ್ಲಿಷ್ ಅನುವಾದ ಸರಿಯಿದೆಯೇ ಎಂದು ಅವನು ನೋಡಲಾರ, ಕಾಗದ ಸರಿಯಾದದ್ದೇ ಎಂದೂ ತಿಳಿಯಲಾರ. ತಾನು ಕೇಳಿದ್ದು ಏನೆಂದು ಮಾತ್ರ ಅವನಿಗೆ ಪಕ್ಕಾ ಗೊತ್ತು.

ಈಗ ಪ್ರಶ್ನೆ ಸರಿಯಾಗಿಯೇ ತಲುಪಿತು ಎಂದುಕೊಳ್ಳೋಣ. ಅಸಲು ತೊಡಕು ಶುರುವಾಗುವುದು ಇಲ್ಲಿಂದ. ಹೂವಿನ ಹೊತ್ತಿಗೆ ತೊಗರಿ ಒಣಗಲು ಕಾರಣ ಒಂದೇ ಅಲ್ಲ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹತ್ತಿ ನೀರು ಸಾಗುವ ನಾಳಗಳನ್ನು ಕಟ್ಟಿದರೆ ಅದು ನೆಟೆ ರೋಗ. ಗಿಡ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು-ಕಪ್ಪು ಗೆರೆಗಳು ಕಾಣುತ್ತವೆ, ಹೊರಗೆ ತೊಗಟೆಯ ಮೇಲೆ ಬುಡದಿಂದ ಮೇಲಕ್ಕೆ ನೇರಳೆ-ಕಂದು ಪಟ್ಟಿ ಏರಿರುತ್ತದೆ. ಹಸಿ ಆರಿ ಬಿಸಿಲು ಏರಿದಾಗ ಬರುವ ಒಣ ಬೇರು ಕೊಳೆಯಲ್ಲಿ ಬೇರೇ ಕೊಳೆತು ಅದರ ತೊಗಟೆ ಸುಲಿದುಬರುತ್ತದೆ. ಮಳೆಗಾಲದಲ್ಲಿ ನೀರು ನಿಂತ ಜಾಗದಲ್ಲಿ ಬೇರು ಸತ್ತು ಗಿಡ ಆಮೇಲೆ ಒಣಗುವುದೂ ಉಂಟು. ಗೊಡ್ಡು ರೋಗ ಇವುಗಳ ಹಾಗಲ್ಲ. ಸಣ್ಣ ನುಸಿ ಹರಡುವ ಆ ನಂಜಿನಲ್ಲಿ ಗಿಡ ಒಣಗುವುದಿಲ್ಲ, ಪೊದೆಯಾಗಿ ಹಸಿರಾಗಿಯೇ ನಿಂತು ಹೂವನ್ನೇ ಬಿಡುವುದಿಲ್ಲ. ಇವುಗಳಲ್ಲಿ ಯಾವುದೆಂದು ‘ಒಣಗ್ಲತ್ತದ’ ಎಂಬ ಒಂದು ಮಾತಿನಿಂದ ಹೇಳಲು ಯಂತ್ರಕ್ಕೇ ಅಲ್ಲ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೊಗರಿಯಲ್ಲೇ ತಲೆ ನರೆತ ವಿಜ್ಞಾನಿಗೂ ಆಗದು.

ವ್ಯತ್ಯಾಸವೆಂದರೆ ವಿಜ್ಞಾನಿ ಉತ್ತರ ಕೊಡುವ ಬದಲು ‘ಒಂದು ಗಿಡ ಕಿತ್ತು ಸೀಳಿ ನೋಡ್ರಿ, ಒಳಗ ಕರಿ ಗೆರಿ ಅದಾವೇನು?’ ಎಂದು ತಿರುಗಿ ಕೇಳುತ್ತಾರೆ. ಉತ್ತರ ಕೊಟ್ಟು ಮುಗಿಸುವಂತೆ ಕಟ್ಟಿದ ಬಾಟ್ ಹಾಗೆ ಕೇಳುವುದು ಕಡಿಮೆ. ರೈತನ ಪ್ರಶ್ನೆಯಲ್ಲೇ ‘ಏನ್ ಹೊಡೀಬೇಕು’ ಎಂಬ ಊಹೆ ಅಡಗಿದೆ. ಅದನ್ನು ಒಪ್ಪಿಕೊಂಡು ಒಂದು ಔಷಧದ ಹೆಸರು, ಲೀಟರಿಗೆ ಇಷ್ಟು ಗ್ರಾಂ ಎಂಬ ಅಂಕಿ ಹೇಳಿದರೆ ಉತ್ತರ ಪೂರ್ತಿಯಾದಂತೆ ಕಾಣುತ್ತದೆ. ನೆಟೆ ಹತ್ತಿದ ಗಿಡದ ನಾಳ ಒಳಗಿನಿಂದ ಕಟ್ಟಿಕೊಂಡ ಮೇಲೆ ಎಲೆಯ ಮೇಲೆ ಏನು ಸಿಂಪಡಿಸಿದರೂ ಆ ಗಿಡ ಏಳುವುದಿಲ್ಲ. ಮಾಡಬೇಕಾದದ್ದೆಲ್ಲ ಮುಂದಿನ ಹಂಗಾಮಿನದು: ಟಿಎಸ್-3ಆರ್‌ನಂಥ ನಿರೋಧಕ ತಳಿ, ಬಿತ್ತನೆಗೆ ಮುಂಚೆ ಬೀಜಕ್ಕೆ ಟ್ರೈಕೋಡರ್ಮಾ, ಅದೇ ಹೊಲಕ್ಕೆ ವರ್ಷ ವರ್ಷವೂ ತೊಗರಿಯನ್ನೇ ಹಾಕದೆ ಜೋಳದೊಂದಿಗೆ ಬದಲಿಸುವುದು. ತಪ್ಪು ಉತ್ತರದ ಖರ್ಚು ರೈತನ ಮೇಲೆ ಬೀಳುತ್ತದೆ: ಔಷಧದ ದುಡ್ಡು, ಹೊಡೆಯುವ ಆಳಿನ ಕೂಲಿ, ಆಮೇಲೂ ಒಣಗಿದ ಹೊಲ.

ವಿಮೆಯ ಅರ್ಧ ಇನ್ನೂ ನಾಜೂಕಿನದು, ಏಕೆಂದರೆ ಅಲ್ಲಿ ಪೂರ್ತಿ ನಿಜವಾದ ವಾಕ್ಯವೂ ದಾರಿ ತಪ್ಪಿಸಬಲ್ಲದು. ಫಸಲ್ ಬಿಮಾ ಯೋಜನೆಯಲ್ಲಿ ನಷ್ಟವಾದ 72 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮ ಇರುವುದು ನಿಜ. ಆದರೆ ಅದು ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವುದು ಇಂಥ ಒಂದು ಹೊಲಕ್ಕಷ್ಟೇ ಬಡಿಯುವ ಅನಾಹುತಕ್ಕೆ, ಕೊಯ್ದು ಹರಡಿದ ಬೆಳೆ ಅಕಾಲ ಮಳೆಗೆ ಸಿಕ್ಕರೆ ಅದಕ್ಕೆ. ರೋಗದಿಂದ ಇಳುವರಿ ಕುಸಿದರೆ ಲೆಕ್ಕ ಹಾಕುವುದು ಒಬ್ಬೊಬ್ಬರ ಹೊಲ ನೋಡಿ ಅಲ್ಲ. ಆ ಪಂಚಾಯಿತಿಯ ಅಥವಾ ಹೋಬಳಿಯ ಬೆಳೆ ಕಟಾವು ಪ್ರಯೋಗಗಳ ಸರಾಸರಿಯಿಂದ. ಯಂತ್ರ ‘72 ಗಂಟೆಯೊಳಗೆ ದೂರು ಕೊಡಿ’ ಎಂದರೆ ವಾಕ್ಯದಲ್ಲಿ ಸುಳ್ಳಿಲ್ಲ. ರೈತ ಓಡಾಡಿ ದೂರು ಕೊಟ್ಟು, ತನ್ನ ಹೊಲದ ಪರಿಹಾರಕ್ಕಾಗಿ ವರ್ಷವಿಡೀ ಕಾಯುತ್ತಾನೆ.

ಹಳೆಯ ಸುದ್ದಿಯ ತೊಂದರೆಯೂ ಇದೆ. 2022-23ರಲ್ಲಿ ನೆಟೆ ರೋಗ ಈ ಜಿಲ್ಲೆಯ ತೊಗರಿಯನ್ನು ಹಾಳು ಮಾಡಿದಾಗ ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿಯ ವಿಶೇಷ ಪರಿಹಾರ ಘೋಷಿಸಿತ್ತು. ಅದು ಆ ವರ್ಷದ ತೀರ್ಮಾನ. ಆ ಸುದ್ದಿಯನ್ನು ನುಂಗಿಕೊಂಡ ಯಂತ್ರ ಇಂದಿಗೂ ‘ನೆಟೆ ರೋಗಕ್ಕೆ ಹೆಕ್ಟೇರಿಗೆ 10,000 ಸಿಗುತ್ತದೆ’ ಎಂದು ವರ್ತಮಾನ ಕಾಲದಲ್ಲಿ ಹೇಳಿದರೆ ಅದನ್ನು ತಡೆಯಲು ಅದರೊಳಗೆ ಏನಿದೆ? ಉತ್ತರದ ಜೊತೆ ‘ಈ ಮಾಹಿತಿ ಇಂಥ ತಿಂಗಳ ಇಂಥ ಸುತ್ತೋಲೆಯದು’ ಎಂಬ ತಾರೀಖು ಬಂದರೆ ಕೇಳುವವನು ತಾನೇ ಎಚ್ಚರವಾಗುತ್ತಾನೆ. ಹಳೆಯ ಪಹಣಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ ಎಂದು ತಿಳಿದ ರೈತನಿಗೆ ತಾರೀಖಿನ ಮಹತ್ವವನ್ನು ಯಾರೂ ಕಲಿಸಬೇಕಿಲ್ಲ.

ಇಂಥ ಜಾಗದಲ್ಲಿ ‘ತಪ್ಪಾಗಬಹುದು, ಪರಿಶೀಲಿಸಿಕೊಳ್ಳಿ’ ಎಂಬ ಸಾಲು ಯಾವ ಕೆಲಸಕ್ಕೆ ಬಂತು? ಆ ಸಾಲು ‘ಮುಂದಿನ ಕಂತು ಎಷ್ಟು ರೂಪಾಯಿ’ ಎಂಬುದಕ್ಕೂ ಅಂಟುತ್ತದೆ, ‘ಏನ್ ಹೊಡೀಬೇಕು’ ಎಂಬುದಕ್ಕೂ ಅಂಟುತ್ತದೆ. ಮೊದಲನೆಯದಕ್ಕೆ ಉತ್ತರ ಎರಡು ಸಾವಿರ, ಅದರಲ್ಲಿ ತಪ್ಪುವ ಸಂಭವ ತೀರಾ ಕಡಿಮೆ. ಎರಡನೆಯದರಲ್ಲಿ ಸರಿಯಾಗುವುದೇ ಅದೃಷ್ಟ. ಎಲ್ಲಕ್ಕೂ ಒಂದೇ ಎಚ್ಚರಿಕೆ ಕೊಟ್ಟರೆ ನಾಲ್ಕು ದಿನದಲ್ಲಿ ಜನ ಅದನ್ನು ಕೇಳುವುದನ್ನೇ ಬಿಡುತ್ತಾರೆ. ಪರಿಶೀಲಿಸಿಕೊಳ್ಳಿ ಎಂದರೆ ಯಾರ ಹತ್ತಿರ? ಪರಿಶೀಲಿಸಲು ಆಗದ್ದರಿಂದಲೇ ತಾನೇ ಅವನು ಫೋನು ಎತ್ತಿದ್ದು. ಓದಿದವರೂ ಇದರಲ್ಲಿ ಮುಗ್ಗರಿಸುತ್ತಾರೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಉಲ್ಲೇಖಿಸಿದ್ದ ತೀರ್ಪುಗಳಲ್ಲಿ ಕೆಲವು ಅಸ್ತಿತ್ವದಲ್ಲೇ ಇಲ್ಲ ಎಂದು ಗೊತ್ತಾಗಿ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವು ಚಾಟ್‌ಬಾಟಿನ ಸೃಷ್ಟಿ ಇರಬೇಕೆಂಬ ಗುಮಾನಿ ಪತ್ರಿಕೆಗಳಲ್ಲಿ ಬಂತು. ಕಾನೂನು ಪುಸ್ತಕಗಳ ನಡುವೆ ಕೂತವರಿಂದಲೇ ಆಗದ ಪರಿಶೀಲನೆಯನ್ನು ತಾಂಡಾದ ಮನುಷ್ಯನ ಹೆಗಲಿಗೆ ಹೊರಿಸುವುದು ಅನ್ಯಾಯ.

ಹೆಗಲು ಯಾರದೆಂಬುದನ್ನು ಕೆನಡಾದ ಒಂದು ಪುಟ್ಟ ಪ್ರಕರಣ ಚೆನ್ನಾಗಿ ಬಿಡಿಸಿದೆ. 2022ರ ನವೆಂಬರ್‌ನಲ್ಲಿ ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕ ಏರ್ ಕೆನಡಾದ ಚಾಟ್‌ಬಾಟಿನಲ್ಲಿ ರಿಯಾಯಿತಿ ದರದ ಬಗ್ಗೆ ವಿಚಾರಿಸಿದ. ಈಗ ಟಿಕೆಟ್ ಕೊಂಡು 90 ದಿನದೊಳಗೆ ಅರ್ಜಿ ಹಾಕಿದರೆ ಹಣ ವಾಪಸ್ ಸಿಗುತ್ತದೆ ಎಂಬ ಉತ್ತರ ಬಂತು. ಕಂಪನಿಯ ನಿಜವಾದ ನಿಯಮದಲ್ಲಿ ಪ್ರಯಾಣದ ನಂತರ ಅರ್ಜಿ ಹಾಕಲು ಅವಕಾಶವೇ ಇರಲಿಲ್ಲ. ವ್ಯಾಜ್ಯದಲ್ಲಿ ಕಂಪನಿಯ ವಾದ ಹೇಗಿತ್ತೆಂದರೆ, ಆ ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಬೇರೊಂದು ಘಟಕ! ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಇದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಕಂಪನಿಯ ಒಂದು ಪುಟದಲ್ಲಿ ಇರುವುದನ್ನು ಇನ್ನೊಂದು ಪುಟದಲ್ಲಿ ಗ್ರಾಹಕ ಯಾಕೆ ತಾಳೆ ನೋಡಬೇಕು ಎಂಬುದು ಅದು ಎತ್ತಿದ ಪ್ರಶ್ನೆ. ಇಲಾಖೆಯ ಬಾಟಿಗೂ ಈ ಪ್ರಶ್ನೆ ಹಾಗೆಯೇ ಹೊಂದುತ್ತದೆ. ಎಚ್ಚರಿಕೆಯ ಸಾಲು ಬರೆದ ಮಾತ್ರಕ್ಕೆ ಇಲಾಖೆಯ ಹೊಣೆ ಕಳೆಯುವುದಿಲ್ಲ.

ಹಾಗಾದರೆ ಪ್ರಾಮಾಣಿಕವಾಗಿ ಹೇಳುವುದು ಹೇಗೆ? ಮೊದಲು ಸಂಸ್ಥೆಗೇ ತನ್ನ ಬಾಟ್ ಎಷ್ಟು ಸರಿ ಎಂದು ಗೊತ್ತಿರಬೇಕು, ಬಹಳ ಸಲ ಇರುವುದಿಲ್ಲ. ಗೊತ್ತುಮಾಡಿಕೊಳ್ಳುವ ದಾರಿ ಕಷ್ಟದ್ದಲ್ಲ, ಬೇಸರದ್ದು. ಚಿಂಚೋಳಿ, ಸೇಡಂ ಕಡೆಯ ರೈತರು ನಿಜವಾಗಿ ಕೇಳುವ ಪ್ರಶ್ನೆಗಳನ್ನು ಅವರದೇ ದನಿಯಲ್ಲಿ ಮುದ್ರಿಸಿಕೊಂಡು, ಬಾಟಿನ ಉತ್ತರಗಳನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಮುಂದಿಟ್ಟು ತಿದ್ದಿಸಬೇಕು. ನೂರು ಪ್ರಶ್ನೆಗಳಲ್ಲಿ 80 ಸರಿ ಬಂದವು ಎಂದುಕೊಳ್ಳಿ. ‘80 ಪ್ರತಿಶತ ನಿಖರ’ ಎಂಬ ಜಾಹೀರಾತು ಮರುದಿನವೇ ಸಿದ್ಧವಾಗುತ್ತದೆ. ಆದರೆ ಬರೀ ನೂರು ಪ್ರಶ್ನೆಗಳಿಂದ ಬಂದ ಈ ಅಂಕಿ ಗಟ್ಟಿಯಲ್ಲ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಜವಾದ ಪ್ರಮಾಣ 71ರಿಂದ 87ರ ನಡುವೆ ಎಲ್ಲಾದರೂ ಇರಬಹುದು. ಅದಕ್ಕಿಂತ ಮುಖ್ಯವಾದದ್ದು ಆ ಎಂಬತ್ತನ್ನು ಬಿಡಿಸಿ ನೋಡುವುದು. ನೂರರಲ್ಲಿ 70 ಪ್ರಶ್ನೆ ಕಂತು, ದಾಖಲೆ, ಅರ್ಜಿಯವು ಎನ್ನೋಣ, ಅವುಗಳಲ್ಲಿ 68 ಸರಿ. ಉಳಿದ 30 ರೋಗ, ಔಷಧ, ನಷ್ಟದವು, ಅವುಗಳಲ್ಲಿ 12 ಸರಿ. ಒಟ್ಟು 80. ಮೊದಲ ಗುಂಪಿನಲ್ಲಿ ಯಂತ್ರ ಕಚೇರಿಯ ಗುಮಾಸ್ತನಿಗಿಂತ ಮೇಲು. ಎರಡನೆಯದರಲ್ಲಿ ಐದಕ್ಕೆ ಮೂರು ಸಲ ತಪ್ಪು. ಈ ಎರಡನ್ನು ಕೂಡಿಸಿ ಬಂದ ‘80’ ಯಾವ ರೈತನಿಗೂ ಸಂಬಂಧಿಸಿದ್ದಲ್ಲ, ಏಕೆಂದರೆ ಯಾರೂ ಸರಾಸರಿ ಪ್ರಶ್ನೆ ಕೇಳುವುದಿಲ್ಲ.

ಬಿಡಿಸಿದ ಲೆಕ್ಕ ಕೈಯಲ್ಲಿದ್ದರೆ ಹೇಳುವ ಮಾತು ತಾನಾಗಿ ಹೊರಡುತ್ತದೆ. ಕಂತಿನ ಪ್ರಶ್ನೆಗೆ ನೇರ ಉತ್ತರ ಮತ್ತು ತಾರೀಖು ಸಾಕು, ಎಚ್ಚರಿಕೆ ಬೇಡ. ಬೆಳೆ ಒಣಗಿದ ಪ್ರಶ್ನೆಗೆ ಮಾತ್ರ ಹೀಗೆ ಹೇಳಬೇಕು: ‘ಇದಕ್ಕ ಫೋನಿನ್ಯಾಗ ಪಕ್ಕಾ ಹೇಳ್ಲಾಕ ಬರಲ್ರಿ. ಒಂದು ಗಿಡ ಕಿತ್ತು ಸೀಳಿ ನೋಡ್ರಿ, ರೈತ ಸಂಪರ್ಕ ಕೇಂದ್ರಕ್ಕ ತೋರಸ್ರಿ. ಅಲ್ಲೀ ತನಕ ಔಷಧ ಹೊಡೀಬ್ಯಾಡ್ರಿ.’ ಇಲ್ಲಿ ಎಚ್ಚರಿಕೆಯೇ ಉತ್ತರ. ಉತ್ತರದ ಬಾಲಕ್ಕೆ ಕಟ್ಟಿದ ಚೀಟಿಯಲ್ಲ. ಇದರಲ್ಲಿ ಮಾಡಬೇಕಾದ ಕೆಲಸವೂ ಇದೆ, ಹೋಗಬೇಕಾದ ಜಾಗವೂ ಇದೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನಲ್ಲಿ (1800-180-1551) ಕರೆ ಎತ್ತಿದವರಿಗೆ ಗೊತ್ತಿಲ್ಲದ್ದನ್ನು ಮೇಲಿನ ತಜ್ಞರಿಗೆ ದಾಟಿಸುವ ಏರ್ಪಾಡು ಮೊದಲಿನಿಂದಲೂ ಇದೆ. ಬಾಟ್ ಕಟ್ಟುವವರು ಮನುಷ್ಯರ ಆ ವ್ಯವಸ್ಥೆಯಿಂದ ವೇಗವನ್ನು ಬಿಟ್ಟು ಈ ದಾಟಿಸುವ ಗುಣವನ್ನು ಎತ್ತಿಕೊಂಡಿದ್ದರೆ ಒಳ್ಳೆಯದಿತ್ತು.

ಇದಕ್ಕೆ ಎದುರಾಗಿ ಬರುವ ಆಕ್ಷೇಪ ಹಗುರವಾದದ್ದಲ್ಲ. ಹೀಗೆ ‘ನನಗೆ ಗೊತ್ತಿಲ್ಲ’ ಎನ್ನುತ್ತ ಹೋದರೆ ಜನ ಅದನ್ನು ಬಿಟ್ಟು ವಿಶ್ವಾಸದಿಂದ ಮಾತಾಡುವ ಗೊಬ್ಬರದಂಗಡಿಯವನ ಹತ್ತಿರ ಹೋಗುತ್ತಾರೆ. ಅವನೂ ತಪ್ಪೇ ಹೇಳುತ್ತಾನೆ, ಮೇಲೆ ಔಷಧವನ್ನೂ ಮಾರುತ್ತಾನೆ. ಅರೆಬರೆ ಸರಿಯಾದ ಯಂತ್ರವಾದರೂ ವಾಸಿಯಲ್ಲವೇ? ಈ ಮಾತಿನಲ್ಲಿ ನಿಜವಿದೆ. ಆದರೆ ಅಂಗಡಿಯವನನ್ನು ಎಷ್ಟು ನಂಬಬೇಕೆಂಬ ಲೆಕ್ಕ ರೈತನ ಹತ್ತಿರ ಆಗಲೇ ಇದೆ. ಅವನಿಗೆ ಮಾರುವ ಆಸೆ ಇದೆ ಎಂದು ಗೊತ್ತು, ಹೋದ ವರ್ಷ ಅವನು ಕೊಟ್ಟದ್ದು ಕೆಲಸ ಮಾಡಿತೋ ಇಲ್ಲವೋ ನೆನಪಿದೆ, ತಪ್ಪಾದರೆ ಅಂಗಡಿಯ ಮುಂದೆ ನಿಂತು ಜಗಳಾಡಬಹುದು. ಯಂತ್ರದ ಬಗ್ಗೆ ಅವನಿಗೆ ಇಂಥ ಯಾವ ಹಿಡಿತವೂ ಇಲ್ಲ, ಮೇಲಾಗಿ ಅದು ಸರ್ಕಾರದ ಹೆಸರು ಹೊತ್ತು ಬರುತ್ತದೆ. ಅಂಗಡಿಯವನ ತಪ್ಪು ಊರಿಗೊಂದು ಬಗೆ. ಯಂತ್ರದ ತಪ್ಪು ಒಂದೇ ವಾರದಲ್ಲಿ ಇಡೀ ಜಿಲ್ಲೆಗೆ ಒಂದೇ ಬಗೆಯಲ್ಲಿ ಹೋಗುತ್ತದೆ. ನಾನು ಬೇಡುವುದು ಎಲ್ಲಕ್ಕೂ ‘ಗೊತ್ತಿಲ್ಲ’ ಎನ್ನುವ ಯಂತ್ರವನ್ನೂ ಅಲ್ಲ. ಹಾಗೆ ಮಾಡುವುದೂ ಅಪ್ರಾಮಾಣಿಕತೆಯೇ, ಮೈಗೆ ಅಂಟದಂತೆ ಜಾರಿಕೊಳ್ಳುವ ಇನ್ನೊಂದು ವಿಧಾನ. ಎಪ್ಪತ್ತರಲ್ಲಿ ಅರವತ್ತೆಂಟು ಸರಿ ಹೇಳುವ ವಿಷಯದಲ್ಲಿ ಅಳುಕಿ ಮಾತಾಡಿದರೆ ಅದೂ ರೈತನಿಗೆ ಒಂದು ಬಸ್ ಚಾರ್ಜು ದಂಡ.

ಆದ್ದರಿಂದ ಇದು ಬಾಟ್ ಕೊಳ್ಳುವಾಗಿನ ಟೆಂಡರ್ ಕಾಗದದಲ್ಲೇ ತೀರ್ಮಾನವಾಗಬೇಕಾದ ವಿಷಯ. ಎಷ್ಟು ಕರೆ ಸ್ವೀಕರಿಸಿತು, ಎಷ್ಟು ಸೆಕೆಂಡಿನಲ್ಲಿ ಉತ್ತರಿಸಿತು ಎಂಬುದರ ಮೇಲೆ ಕಂಪನಿಗೆ ಬಿಲ್ಲು ಪಾಸಾಗುವುದಾದರೆ, ಗೊತ್ತಿಲ್ಲ ಎಂದು ಮನುಷ್ಯರಿಗೆ ದಾಟಿಸಿದ ಕರೆ ನಷ್ಟದ ಬಾಬತ್ತಿಗೆ ಸೇರುತ್ತದೆ. ಯಾವ ಕಂಪನಿಯೂ ಅಂಥ ಬಾಟ್ ಕಟ್ಟುವುದಿಲ್ಲ. ಸರಿಯಾಗಿ ದಾಟಿಸಿದ ಕರೆಗೂ ಉತ್ತರಿಸಿದ ಕರೆಯಷ್ಟೇ ದುಡ್ಡು ಸಿಗಬೇಕು, ತಪ್ಪು ಉತ್ತರಕ್ಕೆ ಕಡಿತವಾಗಬೇಕು. ಪರೀಕ್ಷೆಯ ಫಲಿತಾಂಶ ಪ್ರಶ್ನೆಯ ಗುಂಪುಗಳ ಪ್ರಕಾರ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಗೊಬ್ಬರದ ದರಪಟ್ಟಿಯ ಪಕ್ಕ, ತಾರೀಖಿನೊಂದಿಗೆ ಅಂಟಬೇಕು. ಆ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯಬೇಕು: ಮೇ ತಿಂಗಳಲ್ಲಿ, ಬೀಜ ಮತ್ತು ಬಿತ್ತನೆಯ ಪ್ರಶ್ನೆಗಳು ಬರುವ ಮುಂಚೆ; ಅಕ್ಟೋಬರ್ ಮೊದಲ ವಾರದಲ್ಲಿ, ತೊಗರಿ ಹೂವಾಗಿ ಒಣಗುವ ಪ್ರಶ್ನೆಗಳು ಶುರುವಾಗುವ ಮುಂಚೆ. ಫೆಬ್ರುವರಿಯಲ್ಲಿ ರಾಶಿ ಮುಗಿದು ರೈತ ಮಾರುಕಟ್ಟೆಯ ದರವನ್ನಷ್ಟೇ ಕೇಳುವ ದಿನಗಳಲ್ಲಿ ಪರೀಕ್ಷೆ ಇಟ್ಟರೆ ಯಾವ ಬಾಟ್ ಆದರೂ 95 ಅಂಕ ತೆಗೆಯುತ್ತದೆ.